ಪೀಠಿಕೆಯಲ್ಲಿ ಪರರ ಮಾತು

ವಯನಾಡಿನ ಮಳೆಯನ್ನಳೆದು ವರದಿ ಬರೆಯುವ ವಿದ್ಯಾರ್ಥಿಯು, ಪೀಠಿಕೆಯಲ್ಲಿ ಮಳೆಯ ಕಾರಣವನ್ನು ಹೇಳಬೇಕಾಗುತ್ತದೆ. ಕಾರಣವು ಪಠ್ಯಪುಸ್ತಕದಲ್ಲಿದೆ. ಅದನ್ನು ನಕಲು ಮಾಡಿದರೆ ಪರರ ಸೊತ್ತನ್ನು ತೆಗೆದಂತೆ; ತಪ್ಪಾಗಿ ಬರೆದರೆ ಸತ್ಯಕ್ಕೆ ಅಪಚಾರ. ಈ ಎರಡನ್ನೂ ತಪ್ಪಿಸುವ ದಾರಿ ಯಾವುದು?

ಪುಸ್ತಕದಲ್ಲಿ ಹೀಗಿದೆಯೆಂದು ಇಟ್ಟುಕೊಳ್ಳೋಣ: 'ತೇವವುಳ್ಳ ಗಾಳಿಯು ಪರ್ವತವನ್ನೇರುವಾಗ ಹಿಗ್ಗಿ ತಣಿಯುತ್ತದೆ, ಅದರ ನೀರಾವಿಯು ಸಾಂದ್ರೀಕರಿಸಿ ಮಳೆಯಾಗುತ್ತದೆ.' ಒಬ್ಬನು 'ಆರ್ದ್ರ ಮಾರುತವು ಗಿರಿಯನ್ನು ಹತ್ತುವಾಗ ಉಬ್ಬಿ ಶೀತಲವಾಗುತ್ತದೆ' ಎಂದು ಬರೆಯುತ್ತಾನೆ. ಪದಗಳು ಬದಲಾದುವು, ವಾಕ್ಯದ ಎಲುಬು ಬದಲಾಗಲಿಲ್ಲ. ಇದು ಬಣ್ಣ ಹಚ್ಚಿದ ನಕಲು. ಇನ್ನೊಬ್ಬನು 'ಬೆಟ್ಟದ ಮೇಲೆ ತಂಪಿರುವುದರಿಂದ ಗಾಳಿ ಅಲ್ಲಿಗೆ ಬಂದು ತಣಿದು ಮಳೆಗರೆಯುತ್ತದೆ' ಎನ್ನುತ್ತಾನೆ. ಮಾತು ಅವನದೇ; ಆದರೆ 'ಹಿಗ್ಗಿ' ಎಂಬ ಒಂದು ಪದ ಬಿದ್ದುಹೋಗಿ, ಕಾರಣವೇ ಬೇರೆಯಾಯಿತು.

ಈ ಎರಡನೆಯ ತಪ್ಪನ್ನು ಗುರುತಿಸುವುದು ಹೇಗೆ? ನಾವು ಬರೆದ ಕಾರಣವನ್ನು ಮತ್ತೊಂದು ಊರಿಗೆ ಒಯ್ದು ನೋಡಬೇಕು. ಘಟ್ಟದ ಅಂಚಿನ ಲಕ್ಕಿಡಿಯಲ್ಲಿ ಮಳೆ ಬಹಳ. ಪೂರ್ವದ ಪುಲ್ಪಳ್ಳಿಯಲ್ಲಿ ಬಹಳ ಕಡಿಮೆ. ಪುಲ್ಪಳ್ಳಿಯೂ ಅದೇ ಪ್ರಸ್ಥಭೂಮಿಯ ಮೇಲಿರುವ ಊರು. ತಂಪೇ ಕಾರಣವಾಗಿದ್ದರೆ ಇಷ್ಟು ಅಂತರವೇಕೆ? ನಿಜವಾದ ಕಾರಣ ಗಾಳಿಯ ಏರುವಿಕೆ. ಮೇಲೆ ಒತ್ತಡ ಕಡಿಮೆಯಾದುದರಿಂದ ಗಾಳಿ ಹಿಗ್ಗುತ್ತದೆ, ಹಿಗ್ಗುವುದರಿಂದಲೇ ತಣಿಯುತ್ತದೆ. ಪುಲ್ಪಳ್ಳಿಗೆ ಬರುವಷ್ಟರಲ್ಲಿ ಆ ಏರಿಕೆ ಮುಗಿದಿರುತ್ತದೆ, ನೀರಾವಿಯ ಸಾಕಷ್ಟು ಭಾಗ ಪಶ್ಚಿಮದಲ್ಲೇ ಸುರಿದಿರುತ್ತದೆ.

ಇನ್ನು ಅಂಕಿಗಳಿಗೆ ಅಂಟಿಕೊಂಡಿರುವ ನಿಬಂಧನೆಗಳ ಮಾತು. ಏರುವ ಗಾಳಿ 1000 ಮೀಟರಿಗೆ ಸುಮಾರು 10 ಡಿಗ್ರಿ ಸೆಲ್ಸಿಯಸ್ ತಣಿಯುತ್ತದೆಂಬುದು, ಅದರಲ್ಲಿ ಹನಿಗಟ್ಟುವಿಕೆ ತೊಡಗದಿರುವವರೆಗೆ ಮಾತ್ರ ಸರಿ. ಹನಿಗಟ್ಟುವಾಗ ಆವಿಯು ಶಾಖವನ್ನು ಬಿಡುವುದರಿಂದ ಮುಂದಿನ ತಣಿವು ನಿಧಾನವಾಗುತ್ತದೆ. ನಿಬಂಧನೆಯನ್ನು ಬಿಟ್ಟು ಅಂಕಿಯನ್ನಷ್ಟೇ ಎತ್ತಿಕೊಂಡರೆ, ಸರಿಯಾದ ಅಂಕಿಯೂ ಸುಳ್ಳಾಗುತ್ತದೆ. 'ಸಾಂದ್ರೀಕರಣ'ದಂತಹ ಪಾರಿಭಾಷಿಕ ಪದವನ್ನಾದರೋ ಹಾಗೆಯೇ ಉಳಿಸಿಕೊಳ್ಳುವುದು ನಕಲಲ್ಲ. ಅದು ಎಲ್ಲರ ಸೊತ್ತು; 'ಹೆಪ್ಪುಗಟ್ಟುವಿಕೆ' ಎಂದು ಬದಲಿಸಿದರೆ ಅರ್ಥವೇ ಕೆಡುತ್ತದೆ.

ಆದುದರಿಂದ ವಿದ್ಯಾರ್ಥಿಯು ಪುಸ್ತಕವನ್ನು ಓದಿ ಮುಚ್ಚಿಡಲಿ. ಕಾರಣಗಳ ಸರಪಣಿಯನ್ನು, ಏರುವುದು, ಹಿಗ್ಗುವುದು, ತಣಿಯುವುದು, ಹನಿಗಟ್ಟುವುದು ಎಂದು ಕ್ರಮವಾಗಿ ಗುರುತು ಹಾಕಿಕೊಂಡು, ತನ್ನ ಊರಿನಿಂದ ಆರಂಭಿಸಿ ಬರೆಯಲಿ: 'ಅರಬ್ಬೀ ಸಮುದ್ರದಿಂದ ಬರುವ ಮುಂಗಾರಿನ ಗಾಳಿಗೆ ಲಕ್ಕಿಡಿಯನ್ನು ಮುಟ್ಟಲು ಘಟ್ಟವನ್ನೇರದೆ ಗತ್ಯಂತರವಿಲ್ಲ. ಮೇಲೇರಿದಂತೆ ಒತ್ತಡ ತಗ್ಗಿ, ಗಾಳಿ ಹರಡಿಕೊಂಡು ತಣಿಯುತ್ತದೆ. ಆಗ ಅದರಲ್ಲಿನ ಆವಿ ಹನಿಗಟ್ಟುತ್ತದೆ.' ಬಳಿಕ ಪುಸ್ತಕವನ್ನು ತೆರೆದು, ಸರಪಣಿಯ ಕೊಂಡಿ ಯಾವುದಾದರೂ ಕಳಚಿದೆಯೇ, ವಾಕ್ಯ ಯಾವುದಾದರೂ ಹಾಗೆಯೇ ಬಂದಿದೆಯೇ ಎಂದು ಹೋಲಿಸಲಿ.

ಇಷ್ಟಾದರೂ ಪುಸ್ತಕದ ಹೆಸರನ್ನು ಹೇಳಲೇಬೇಕು. ಮಾತು ನಮ್ಮದಾದ ಮಾತ್ರಕ್ಕೆ ವಿಚಾರ ನಮ್ಮದಾಗದು. ಪೀಠಿಕೆಯ ವಿವರಣೆ ಸಾಲ. ಮಳೆಮಾಪಕದಿಂದ ನಾವೇ ಓದಿಕೊಂಡ ಅಳತೆಗಳು ನಮ್ಮ ಸ್ವಂತ ಗಳಿಕೆ. ಯಾವುದು ಸಾಲ, ಯಾವುದು ಗಳಿಕೆ ಎಂಬುದು ಓದುವವರಿಗೆ ತಿಳಿಯುವಂತಿದ್ದರೆ ಅಂತಹ ಬರವಣಿಗೆ ಪ್ರಾಮಾಣಿಕವೆನಿಸುತ್ತದೆ.