ನಾಲ್ಕಿಂಚಿನ ಉರುಳಿ

ಕಳೆದ ಯುಗಾದಿಗೆ ಮುಂಚೆ ನಾನೊಂದು ಹಿತ್ತಾಳೆಯ ಉರುಳಿ ತರಿಸಿದೆ. ನೀರು ತುಂಬಿ ಹೂವು ತೇಲಿಬಿಡುವ, ಅಗಲ ಬಾಯಿಯ ಪಾತ್ರೆ. ಯಲಹಂಕ ಉಪನಗರದ ನಮ್ಮ ಮನೆಯ ಹೊಸ್ತಿಲ ಪಕ್ಕ ಅದನ್ನಿಟ್ಟರೆ ಬಂದವರ ಕಣ್ಣು ಮೊದಲು ಅಲ್ಲಿಗೇ ಹೋಗಬೇಕು ಎಂಬ ಆಸೆ. ಮೊಬೈಲಿನಲ್ಲಿ ಕಂಡ ಚಿತ್ರವಾದರೂ ಹಾಗೇ ಇತ್ತು. ಫಳಫಳ ಹೊಳೆಯುವ ಉರುಳಿ, ಅದರ ತುಂಬ ಗುಲಾಬಿ, ನಡುವೆ ಉರಿಯುವ ಒಂದು ದೀಪ. ಬೆಲೆಯೂ ಕೈಗೆಟಕುವಂತಿತ್ತು. ನಾಲ್ಕನೆಯ ದಿನ ಪೆಟ್ಟಿಗೆ ಬಂತು. ಒಳಗಿನ ಕಾಗದವನ್ನೆಲ್ಲ ಎಳೆದು ಹಾಕಿದ ಮೇಲೆ ಸಿಕ್ಕಿದ್ದು ನನ್ನ ಅಂಗೈಯಲ್ಲಿ ಕೂರುವಷ್ಟು ದೊಡ್ಡ ವಸ್ತು. ಆರ್.ಟಿ. ನಗರದಿಂದ ಬಂದಿದ್ದ ತಂಗಿ ಅದನ್ನು ತಿರುಗಿಸಿ ನೋಡಿ, “ಅಕ್ಕಾ, ಇದರಲ್ಲಿ ಏನು ತೇಲಿಬಿಡ್ತೀಯ, ಸಾಸಿವೇನಾ?” ಎಂದಳು. ಅಷ್ಟರಲ್ಲಿ ಅವಳ ಮಗಳು ಎಡಗಡೆ ಅಂಗಡಿಯವರ ಚಿತ್ರ, ಬಲಗಡೆ ನನ್ನ ಅಂಗೈಯ ಉರುಳಿ, ಎರಡನ್ನೂ ಜೋಡಿಸಿ ಮನೆಮಂದಿಗೆಲ್ಲ ವಾಟ್ಸಾಪಿನಲ್ಲಿ ಕಳಿಸಿಯೂ ಆಗಿತ್ತು. ‘ಅಂದುಕೊಂಡದ್ದು, ಬಂದದ್ದು’ ಎಂದು ಮೇಲೊಂದು ಸಾಲು.

ಇಂಥ ಜೋಡಿ ಚಿತ್ರಗಳನ್ನು ನೀವೂ ನೋಡಿರುತ್ತೀರಿ. ಆನೆಯಂಥ ಕುರ್ಚಿ ತರಿಸಿದವರಿಗೆ ಬೊಂಬೆ ಕೂರುವ ಕುರ್ಚಿ, ಗರಿಗರಿ ದೋಸೆ ಬಯಸಿದವರಿಗೆ ಒದ್ದೆ ಕರವಸ್ತ್ರ. ಇದೇನೂ ಹೊಸದಲ್ಲ. ದೂರದ ಬೆಟ್ಟ ನುಣ್ಣಗೆ ಎಂದು ನಮ್ಮ ಹಿರಿಯರು ಎಡಗಡೆಯ ಚಿತ್ರವನ್ನು ಯಾವಾಗಲೋ ಬರೆದಿಟ್ಟಿದ್ದಾರೆ. ಬಲಗಡೆಯದನ್ನು ಹತ್ತಿರ ಹೋದವರು ನೋಡಿಕೊಂಡರು. ಆದರೆ ಆ ದಿನ ನನ್ನನ್ನು ಕಾಡಿದ ಪ್ರಶ್ನೆ ಬೇರೆ. ದುಡ್ಡು ಹೋಗಿತ್ತು, ಆಸೆ ಕೆಟ್ಟಿತ್ತು, ಆದರೂ ನಾನೇ ಎಲ್ಲರಿಗಿಂತ ಹೆಚ್ಚು ನಕ್ಕಿದ್ದೆ. ಯಾಕೆ?

ಜರ್ಮನಿಯ ಕಾಂಟ್ 1790ರ ತನ್ನ ಗ್ರಂಥವೊಂದರಲ್ಲಿ, ಬಿಗಿಯಾಗಿ ಕಾದು ನಿಂತ ನಿರೀಕ್ಷೆ ಥಟ್ಟನೆ ಏನೂ ಇಲ್ಲವಾಗುವುದರಿಂದ ನಗು ಹುಟ್ಟುತ್ತದೆ ಎಂಬರ್ಥದ ಮಾತು ಹೇಳಿದ್ದಾನೆ. ಬೆಟ್ಟ ಅಗೆದು ಇಲಿ ಹಿಡಿದ ಹಾಗೆ ಎನ್ನುತ್ತೇವಲ್ಲ, ಸುಮಾರಾಗಿ ಅದೇ. ದೊಡ್ಡವರ ಮಾತು, ಅಲ್ಲಗಳೆಯಲು ನಾನು ಯಾರು? ಆದರೂ ಒಂದು ಅನುಮಾನ. ಏನೂ ಇಲ್ಲದ್ದೇ ನಗುವಿಗೆ ಕಾರಣವಾದರೆ ಖಾಲಿ ಪೆಟ್ಟಿಗೆ ಬಂದಾಗ ನಾವು ಎಲ್ಲಕ್ಕಿಂತ ಹೆಚ್ಚು ನಗಬೇಕಿತ್ತು. ನಗುವುದಿಲ್ಲ. ನಮ್ಮ ಬೀದಿಯ ಒಬ್ಬರು ಮೊಬೈಲು ತರಿಸಿದಾಗ ಪೆಟ್ಟಿಗೆಯೊಳಗೆ ಬಟ್ಟೆ ಸೋಪಿತ್ತು. ಆರು ತಿಂಗಳು ಕೂಡಿಟ್ಟ ಹಣ. ಅದನ್ನು ನೋಡಿ ಯಾರೂ ನಗಲಿಲ್ಲ. ಅದು ಕಳ್ಳತನ, ಅಷ್ಟೆ.

ನನ್ನ ಉರುಳಿ ಕಳ್ಳತನವಲ್ಲ, ಅಲ್ಲೇ ಅದರ ತಮಾಷೆ. ಸಿಟ್ಟಿನಿಂದ ಮತ್ತೆ ಆ ಪುಟ ತೆರೆದು ನೋಡಿದೆ. ಚಿತ್ರದ ಕೆಳಗೆ, ನಾನು ಬೆರಳಿನಿಂದ ಸರಸರ ದಾಟಿಸಿದ್ದ ಜಾಗದಲ್ಲಿ, ವ್ಯಾಸ 10 ಸೆಂಟಿಮೀಟರ್ ಎಂದು ಬರೆದಿತ್ತು. ಅಂದರೆ ನಾಲ್ಕಿಂಚು. ತೂಕ 250 ಗ್ರಾಂ. ನಾನು ಅಂದುಕೊಂಡ ಒಂದಡಿ ಅಗಲದ ಹಿತ್ತಾಳೆ ಪಾತ್ರೆಯಾಗಿದ್ದರೆ ಕಿಲೋಗಟ್ಟಲೆ ತೂಗಬೇಕಿತ್ತು. ಮಕ್ಕಳಿಗೆ ಅಳತೆಯ ಪಾಠ ಮಾಡಿದ ಮೇಷ್ಟ್ರಮ್ಮ ನಾನು! ಇನ್ನು ಚಿತ್ರ. ಅದರಲ್ಲಿ ಕೈಯಿಲ್ಲ, ನಾಣ್ಯವಿಲ್ಲ, ಗಾತ್ರ ಹೇಳುವ ಯಾವ ಪರಿಚಿತ ವಸ್ತುವೂ ಇಲ್ಲ. ದೊಡ್ಡದು ಮಾಡಿ ನೋಡಿದರೆ ಗುಲಾಬಿಗಳೆಲ್ಲ ಬಟನ್ ಗುಲಾಬಿಯ ಮೊಗ್ಗುಗಳು. ಅವಕ್ಕೆ ದೊಡ್ಡ ಗುಲಾಬಿಯ ಗಾತ್ರ ಕೊಟ್ಟವಳು ನಾನು. ಆಮೇಲೆ ಆ ಗುಲಾಬಿಗೆ ತಕ್ಕಂತೆ ಉರುಳಿಯನ್ನು ಹಿಗ್ಗಿಸಿದವಳೂ ನಾನೇ. ಎಡಗಡೆಯ ಚಿತ್ರದಲ್ಲಿ ಅರ್ಧವನ್ನು ಅಂಗಡಿಯವನು ಬರೆದಿದ್ದ, ಉಳಿದರ್ಧ ನನ್ನ ಕೈಬರಹ.

ಕೊಂಡ ವಸ್ತು ಜಾಹೀರಾತಿನಲ್ಲಿ ಹೇಳಿದಂತಿಲ್ಲದಿದ್ದರೆ ಮಾರಿದವನು ವಾಪಸು ಪಡೆಯಲು ನಿರಾಕರಿಸುವಂತಿಲ್ಲ ಎಂದು 2020ರ ಇ-ವಾಣಿಜ್ಯ ನಿಯಮಗಳಲ್ಲಿದೆ. ಸೋಪು ಬಂದವರಿಗೆ ಅದು ಆಸರೆ. ನನಗೆ? ಹೇಳಿದಂತೆಯೇ ಇದೆಯಲ್ಲ! ಹಿತ್ತಾಳೆ ನಿಜ, ಹೊಳಪು ನಿಜ, ಅಂಚಿನ ಬಳ್ಳಿ ಕೆತ್ತನೆಯೂ ನಿಜ. ಬಂದದ್ದು ಕೇಳಿದ್ದನ್ನು ಎಲ್ಲ ರೀತಿಯಲ್ಲೂ ಹೋಲಬೇಕು, ಆದರೂ ಅದಾಗಿರಬಾರದು. ಆಗಲೇ ನಗು ಬರುವುದು. ಕೊಟ್ಟ ಮಾತನ್ನು ಉಳಿಸಿಕೊಂಡೇ ಅದು ನಮ್ಮನ್ನು ಅಣಕಿಸುತ್ತದೆ. ಭರತನ ನಾಟ್ಯಶಾಸ್ತ್ರದಲ್ಲಿ ನಡುವಿನ ಡಾಬನ್ನು ಎದೆಗೆ ಕಟ್ಟಿಕೊಂಡರೆ ನಗೆಪಾಟಲು ಎಂಬ ಮಾತಿದೆ. ಡಾಬು ಅಸಲಿಯೇ, ಇರುವ ಜಾಗ ತಪ್ಪು.

ದೋಸೆಯದೂ ಇದೇ ಕಥೆ. ತಂಗಿ ಒಂದು ಭಾನುವಾರ ಮಸಾಲೆ ದೋಸೆ ತರಿಸಿದಳು. ಚಿತ್ರದಲ್ಲಿ ಕೆಂಪಗೆ ಬೆಂದು, ತಟ್ಟೆಯ ಆಚೆ ಈಚೆ ಚಾಚಿಕೊಂಡಿದ್ದದ್ದು ಡಬ್ಬಿಯಲ್ಲಿ ನಾಲ್ಕು ಮಡಿಕೆಯಾಗಿ ಮುದುಡಿ ಮಲಗಿತ್ತು. ಹೋಟೆಲಿನವನು ಮೋಸ ಮಾಡಿರಲಿಲ್ಲ. ಕಾವಲಿಯಿಂದ ಎದ್ದ ದೋಸೆಯನ್ನು ಬಿಸಿಯಾಗಿಯೇ ಮುಚ್ಚಿದರೆ ಅದರದೇ ಹಬೆ ಮುಚ್ಚಳಕ್ಕೆ ತಾಗಿ ನೀರಾಗುತ್ತದೆ, ಆ ನೀರು ಮತ್ತೆ ದೋಸೆಯ ಮೇಲೇ ಬೀಳುತ್ತದೆ. ಒಳಗಿನ ಪಲ್ಯವೂ ಸುಮ್ಮನಿರುವುದಿಲ್ಲ, ಅದೂ ಹಬೆಯಾಡುತ್ತದೆ. ಹತ್ತು ನಿಮಿಷ ಸಾಕು. ಚಿತ್ರ ತೆಗೆದದ್ದು ಕಾವಲಿಯ ಪಕ್ಕದಲ್ಲಿ, ನಾವು ತಿಂದದ್ದು ಮೂರು ಸಿಗ್ನಲ್ ಆಚೆ. ಮೆಕ್‌ಡೊನಾಲ್ಡ್ಸ್ ಕಂಪನಿಯ ಕೆನಡಾ ಶಾಖೆಯವರು 2012ರಲ್ಲಿ ತಮ್ಮ ಬರ್ಗರಿನ ಚಿತ್ರ ಹೇಗೆ ತೆಗೆಯುತ್ತೇವೆಂದು ತಾವೇ ತೋರಿಸಿದ್ದರು. ಸೌತೆ, ಈರುಳ್ಳಿ, ಸಾಸು ಎಲ್ಲವನ್ನೂ ಕ್ಯಾಮೆರಾ ಕಡೆಯ ಅಂಚಿಗೆ ಸರಿಸಿ ಜೋಡಿಸುತ್ತಾರಂತೆ. ಅಂಗಡಿಯಲ್ಲಿ ಕೊಡುವ ಬರ್ಗರು ಪೆಟ್ಟಿಗೆಯ ಹಬೆಗೆ ಕೊಂಚ ಕುಗ್ಗುತ್ತದೆಂದೂ ಅವರೇ ಒಪ್ಪಿಕೊಂಡರು. ಕೆನಡಾದ ಬನ್ನಿಗೂ ಬೆಂಗಳೂರಿನ ದೋಸೆಗೂ ಶತ್ರು ಒಬ್ಬನೇ.

ಇಷ್ಟೆಲ್ಲ ನಕ್ಕ ನಾನು ಒಂದು ಸಲ ನಗಲಾರದೆ ಹೋದೆ. ತಂಗಿಯ ಮಗನ ಹುಟ್ಟುಹಬ್ಬಕ್ಕೆ ಸಹಕಾರನಗರದ ಕಡೆಯ ಬೇಕರಿಯೊಂದರಿಂದ ಮೊಲದ ಆಕಾರದ ಕೇಕು ತರಿಸಿದ್ದರು. ಸಂಜೆಯ ಹೊತ್ತು, ಹೆಬ್ಬಾಳದ ಮೇಲ್ಸೇತುವೆ ದಾಟಿ ಬರಬೇಕು. ಅಲ್ಲಿನ ವಾಹನಗಳ ಸಾಲು ನಿಮಗೆ ಗೊತ್ತೇ ಇದೆ. ಪೆಟ್ಟಿಗೆ ತೆರೆದರೆ ಮೊಲದ ಒಂದು ಕಿವಿ ಗೋಡೆಗೆ ಅಂಟಿತ್ತು, ಮೂಗು ಗಲ್ಲಕ್ಕೆ ಇಳಿದು ಮುಖವೆಲ್ಲ ಅಳುಮೋರೆ. ಮಕ್ಕಳು ಕಿಲಕಿಲ ನಕ್ಕರು. ಹುಡುಗಿ ಆಗಲೇ ಬಲಗಡೆಯ ಚಿತ್ರ ತೆಗೆಯುತ್ತಿದ್ದಳು. ತಂದುಕೊಟ್ಟ ಹುಡುಗ ಮಾತ್ರ ಬಾಗಿಲಲ್ಲೇ ನಿಂತಿದ್ದ. ನಮ್ಮ ಶಾಲೆ ಬಿಟ್ಟು ಹೋದ ಹುಡುಗರ ವಯಸ್ಸು. ಬೆನ್ನಿನ ಚೀಲದಲ್ಲಿ ಕೇಕು ಮಟ್ಟಸವಾಗಿ ಕೂರುವುದಿಲ್ಲ, ಬ್ರೇಕು ಹಾಕಿದಾಗಲೆಲ್ಲ ಕೆನೆ ಜಾರುತ್ತದೆ. “ಮೇಡಂ, ದಯವಿಟ್ಟು ಸ್ಟಾರ್ ಕಮ್ಮಿ ಕೊಡಬೇಡಿ” ಎಂದ. ನನ್ನ ಗಂಟಲು ಕಟ್ಟಿತು.

ಉರುಳಿಯ ಚಿತ್ರಕ್ಕೂ ಈ ಕೇಕಿನ ಚಿತ್ರಕ್ಕೂ ನೋಡುವವರಿಗೆ ಏನೂ ವ್ಯತ್ಯಾಸ ಕಾಣದು, ಎರಡೂ ಒಂದೇ ಜಾತಿ. ಉರುಳಿಯಲ್ಲಿ ಮೋಸಹೋದವಳೂ ನಗಿಸಿದವಳೂ ನಾನೇ. ಕೇಕಿನಲ್ಲಿ ನಗುವವರು ನಾವು, ಅದರ ಬೆಲೆ ತೆರುವವನು ಚಿತ್ರದಲ್ಲೇ ಇಲ್ಲ. ಜೋಡಿ ಚಿತ್ರದಲ್ಲಿ ಅಂಗಡಿಯಿದೆ, ಮನೆಯಿದೆ, ನಡುವಿನ ರಸ್ತೆಗೆ ಜಾಗವಿಲ್ಲ. ಹಾಗೆಂದು ಮಕ್ಕಳನ್ನು ಗದರಲೇ? ಅಳುಮೋರೆಯ ಆ ಮೊಲ ನಿಜಕ್ಕೂ ನಗು ತರಿಸುವಂತಿತ್ತು, ಸುಳ್ಳೇಕೆ ಹೇಳಲಿ! ತಂಗಿಯ ಮಗಳಿಗೆ, “ಚಿತ್ರ ಕಳಿಸು, ಆದರೆ ಮೊದಲು ಆ ಹುಡುಗನಿಗೆ ಐದು ಸ್ಟಾರ್ ಒತ್ತು” ಎಂದೆ. “ದೊಡ್ಡಮ್ಮ, ಕೇಕು ಹೀಗಿದ್ರೂನಾ?” ಎಂದು ಮುಖ ನೋಡಿದಳು. ಒತ್ತಿದಳು. ಹುಡುಗ ಒಂದು ಲೋಟ ನೀರು ಕುಡಿದು ಹೋದ. ಮೊಲದ ಬಿದ್ದ ಕಿವಿಗಾಗಿ ಮಕ್ಕಳು ಕಿತ್ತಾಡಿದರು.

ಉರುಳಿಯನ್ನು ನಾನು ಹಿಂದಿರುಗಿಸಲಿಲ್ಲ. ಈಗ ಅದು ದೇವರ ಮನೆಯಲ್ಲಿ ಅರಿಶಿನ ಕುಂಕುಮಕ್ಕೆ ಸರಿಯಾದ ಗಾತ್ರದಲ್ಲಿದೆ. ಮೊನ್ನೆ ವರಮಹಾಲಕ್ಷ್ಮಿ ಹಬ್ಬಕ್ಕೆ ಬಂದಿದ್ದ ಪಕ್ಕದ ಮನೆಯಾಕೆ ಅದನ್ನು ಮೆಚ್ಚಿ, ಎಲ್ಲಿ ತಂದಿರಿ ಎಂದು ಕೇಳಿ, ಅಲ್ಲೇ ಮೊಬೈಲು ತೆಗೆದು ಹುಡುಕಿದರು. ಚಿತ್ರ ಕಂಡೊಡನೆ, “ಇದಲ್ಲ ಬಿಡಿ ಟೀಚರ್, ಇದು ದೊಡ್ಡದು” ಎಂದರು.