ಬಲೂನು ಯಾವುದನ್ನು ಅಳೆಯುತ್ತದೆ?

ಪೋಷಕರು: ಮೇಷ್ಟರೇ, ತಮ್ಮ ಪತ್ರ ತಲುಪಿತು. ಮಕ್ಕಳು ತರಗತಿಯಲ್ಲಿ ಬಲೂನು ಊದಿ ಶ್ವಾಸಕೋಶದ ಸಾಮರ್ಥ್ಯವನ್ನು ಅಳೆಯುವರೆಂದೂ, ಪ್ರತಿಯೊಬ್ಬರಿಗೂ ಬೇರೆ ಬಲೂನು ಕೊಡುವಿರೆಂದೂ, ಉಬ್ಬಸವುಳ್ಳವರನ್ನೂ ರಬ್ಬರು ಒಗ್ಗದವರನ್ನೂ ಊದಲು ಬಿಡುವುದಿಲ್ಲವೆಂದೂ ಬರೆದಿರುವಿರಿ, ಅದೆಲ್ಲ ಸರಿಯೇ. ಆದರೆ ‘ಬಂದ ಸಂಖ್ಯೆಯನ್ನು ಮಗುವಿನ ಬಲಾಬಲದ ಲೆಕ್ಕವೆಂದು ಎಣಿಸಬಾರದು’ ಎಂಬ ಕಡೆಯ ವಾಕ್ಯ ನನಗೆ ಒಗಟಾಗಿದೆ. ನಂಬಲಾಗದುದನ್ನು ಅಳೆಯುವುದೇಕೆ?

ಉಪಾಧ್ಯಾಯರು: ನಂಬಬೇಡಿರೆಂದಲ್ಲ, ರಾಯರೇ, ಅದು ಯಾವುದರ ಅಳತೆಯೆಂಬುದನ್ನು ಮರೆಯಬೇಡಿರೆಂದೆ. ಹುಡುಗನು ಬಲೂನನ್ನು ಕೈಯಿಂದ ಎಳೆದೆಳೆದು ಸಡಿಲಿಸಿ, ಎದೆ ತುಂಬ ಗಾಳಿ ಎಳೆದುಕೊಂಡು, ಒಂದೇ ಉಸಿರಿನಲ್ಲಿ ಆದಷ್ಟನ್ನೂ ಊದಿ, ಅದರ ಬಾಯನ್ನು ಬೆರಳಿನಿಂದ ಹಿಸುಕಿ ಹಿಡಿಯುತ್ತಾನೆ. ಜೊತೆಗಾರನು ಎರಡು ಮಗ್ಗುಲಿಗೂ ಪುಸ್ತಕಗಳನ್ನು ನೆಟ್ಟಗೆ ನಿಲ್ಲಿಸಿ ನಡುವಣ ಅಂತರವನ್ನು ಅಳೆಯುತ್ತಾನೆ. ಅದು 18 ಸೆಂಟಿಮೀಟರಾದರೆ, ಗೋಳದ ಸೂತ್ರದಂತೆ ಘನಫಲ ಸುಮಾರು 3,050 ಮಿಲಿಲೀಟರು.

ಪೋಷಕರು: ಶ್ವಾಸಕೋಶದಲ್ಲಿದ್ದ ಗಾಳಿ ಅಷ್ಟೇ ಎಂದಾಯಿತಲ್ಲ!

ಉಪಾಧ್ಯಾಯರು: ಇಲ್ಲ. ಎಷ್ಟು ಊದಿದರೂ ಹೊರಬಾರದೆ ಒಳಗೇ ಉಳಿಯುವ ಗಾಳಿಯೊಂದುಂಟು. ವಯಸ್ಕರಲ್ಲಿ ಅದು ಲೀಟರಿಗೂ ತುಸು ಮಿಗಿಲು. ಬಲೂನು ಅದನ್ನರಿಯದು. ಹೊರಬರುವ ಪಾಲನ್ನು 1846ರಲ್ಲಿ ಇಂಗ್ಲೆಂಡಿನ ವೈದ್ಯ ಜಾನ್ ಹಚಿನ್ಸನ್ನನು ತಾನು ರಚಿಸಿದ ಯಂತ್ರದಿಂದ ಅಳೆದು, ಅದು ಮನುಷ್ಯನ ಎತ್ತರಕ್ಕನುಗುಣವಾಗಿ ಏರುವುದೆಂದು ತೋರಿಸಿದನು. ಆದುದರಿಂದ ಗಿಡ್ಡ ಹುಡುಗನ ಸಂಖ್ಯೆ ಚಿಕ್ಕದಾಗಿದ್ದರೆ ಅದು ದೌರ್ಬಲ್ಯವಲ್ಲ.

ಪೋಷಕರು: ಸಮಾನ ಎತ್ತರದ ಇಬ್ಬರಲ್ಲಿ ಒಬ್ಬನಿಗೆ 18, ಇನ್ನೊಬ್ಬನಿಗೆ 19 ಸೆಂಟಿಮೀಟರು ಬಂದರೋ?

ಉಪಾಧ್ಯಾಯರು: ಲೆಕ್ಕದಲ್ಲಿ ಅರ್ಧ ಲೀಟರಿಗೂ ಮೀರಿದ ಅಂತರ, ಆದರೆ ಪುಸ್ತಕ ಕೊಂಚ ಓರೆಯಾದರೂ ಅಷ್ಟು ತಪ್ಪು ನುಸುಳಬಹುದು, ಏಕೆಂದರೆ ವ್ಯಾಸದ ಸಣ್ಣ ದೋಷ ಘನಫಲದಲ್ಲಿ ಸುಮಾರು ಮೂರು ಪಟ್ಟಾಗುತ್ತದೆ. ಮೇಲಾಗಿ ಬಲೂನು ಪೂರ್ಣ ಗೋಳವೂ ಅಲ್ಲ, ಹೊಸ ರಬ್ಬರಿನ ಬಿಗಿತ ಊದುವವನಿಗೆ ಎದುರೊಡ್ಡುತ್ತದೆ. ಅದಕ್ಕೆಂದೇ ಒಬ್ಬೊಬ್ಬರೂ ಮೂರು ಸಲ ಊದುವುದು. ಒಬ್ಬನದೇ ಮೂರು ಅಳತೆಗಳು ಪರಸ್ಪರ ಒಂದು ಸೆಂಟಿಮೀಟರು ಹೆಚ್ಚುಕಡಿಮೆಯಾದರೆ, ಇಬ್ಬರ ನಡುವೆ ಕಂಡ ಆ ಒಂದು ಸೆಂಟಿಮೀಟರಿನಿಂದ ಯಾರು ಮೇಲೆಂದು ತೀರ್ಮಾನಿಸಲಾಗದು.

ಪೋಷಕರು: ಹಾಗಿದ್ದ ಮೇಲೆ ಇಷ್ಟು ಒರಟಾದ ಸಾಧನದಿಂದ ಕಲಿಯುವುದೇನು?

ಉಪಾಧ್ಯಾಯರು: ಒರಟು ಸಾಧನಕ್ಕೆ ತಕ್ಕ ಪ್ರಶ್ನೆಯನ್ನು ಕೇಳುವುದು. ಅದೇ ಹುಡುಗನು ಸುಮ್ಮನೆ ಬಿಡುವ ಸಾಧಾರಣ ಉಸಿರನ್ನು ಊದಿದರೆ ಬಲೂನು 10 ಸೆಂಟಿಮೀಟರನ್ನು ಮುಟ್ಟುವುದೂ ಕಷ್ಟ. ಅಂದರೆ ಹೆಚ್ಚೆಂದರೆ ಅರ್ಧ ಲೀಟರು. ಮೂರು ಲೀಟರಿಗೂ ಅರ್ಧ ಲೀಟರಿಗೂ ಇರುವ ಅಂತರವನ್ನು ಯಾವ ಓರೆಪುಸ್ತಕವೂ ಮರೆಮಾಡಲಾರದು. ಓಡುವಾಗ, ಬೆಟ್ಟ ಹತ್ತುವಾಗ ದೇಹವು ಈ ಮೀಸಲಿನಿಂದಲೇ ಗಾಳಿಯನ್ನು ಪಡೆಯುತ್ತದೆಂಬುದನ್ನು ಮಕ್ಕಳು ತಾವೇ ಅಳೆದು ಅರಿಯುತ್ತಾರೆ.

ಪೋಷಕರು: ಹಾಗಾದರೆ ಮನೆಗೆ ಬಂದ ಮಗನನ್ನು ನಾನು ಏನೆಂದು ಕೇಳಲಿ?

ಉಪಾಧ್ಯಾಯರು: ‘ತರಗತಿಯಲ್ಲಿ ನೀನು ಎಷ್ಟನೆಯವನು?’ ಎಂದು ದಯವಿಟ್ಟು ಕೇಳಬೇಡಿ. ‘ನಿನ್ನ ಮೂರು ಅಳತೆಗಳು ಒಂದಕ್ಕೊಂದು ಎಷ್ಟು ಹೊಂದಿದುವು?’ ಎಂದು ಕೇಳಿ.