ಬಿತ್ತಿದಂತೆ ಬೆಳೆ, ಎಣಿಸಿದಂತೆ ಅಲ್ಲ

ಮೇ ತಿಂಗಳು ಬಂದು ಹಾಸನದ ಮಾರುಕಟ್ಟೆಯಲ್ಲಿ ಪಂಜಾಬಿನ ಜಲಂಧರ್ ಕಡೆಯ ಬಿತ್ತನೆ ಆಲೂಗಡ್ಡೆ ಲಾರಿಯಿಂದ ಇಳಿಯತೊಡಗಿದರೆ ನನಗೆ ‘ಬಿತ್ತಿದಂತೆ ಬೆಳೆ’ ಎಂಬ ಗಾದೆ ನೆನಪಾಗುತ್ತದೆ. ಇದನ್ನು ಪಾಪ-ಪುಣ್ಯದ ಲೆಕ್ಕವೆಂದು ಹೇಳುವವರಿದ್ದಾರೆ. ಬೆವರು ಸುರಿಸಿದವನಿಗೆ ಫಲ ಖಂಡಿತ ಎಂದು ಶಾಲೆಯ ಗೋಡೆಯ ಮೇಲೆ ಬರೆಸುವವರೂ ಇದ್ದಾರೆ. ಎರಡನ್ನೂ ನಾನು ಒಪ್ಪುವುದಿಲ್ಲ. ಗಾದೆ ಹುಟ್ಟಿದ್ದು ಹೊಲದಲ್ಲಿ, ಅದು ಮಾತಾಡುತ್ತಿರುವುದು ಬೀಜದ ಬಗ್ಗೆ. ನೆಲಕ್ಕೆ ಏನು ಬಿತ್ತು ಅನ್ನುವುದಷ್ಟೇ ಅದಕ್ಕೆ ಬೇಕು. ನಾವು ಏನು ಬಿತ್ತಿದ್ದೇವೆಂದು ಎಣಿಸಿಕೊಂಡಿದ್ದೆವು ಎಂಬುದು ಅದಕ್ಕೆ ಬೇಕಿಲ್ಲ.

ಇದಕ್ಕೊಂದು ಕಥೆಯಿದೆ. ಅರಕಲಗೂಡು ಕಡೆಯ ಒಂದು ಊರಿನಲ್ಲಿ ಆರು ಜನ ಸೇರಿ ಏಳು ಎಕರೆಗೆ ಆಲೂಗಡ್ಡೆ ಹಾಕಲು ಹೊರಟರು. ಎಕರೆಗೆ ಆರು ಕ್ವಿಂಟಾಲ್ ಗಡ್ಡೆಯಂತೆ ಐವತ್ತು ಕೆಜಿಯ 84 ಚೀಲ ಬೇಕಾಯಿತು. ಒಬ್ಬ ಹಾಸನಕ್ಕೆ ಹೋಗಿ ಗಡ್ಡೆ ತಂದ. ಹೊಳೆನರಸೀಪುರದ ನೆಂಟನಿಂದ ಇನ್ನೊಬ್ಬ ಟ್ರ್ಯಾಕ್ಟರ್ ಒಪ್ಪಿಸಿಕೊಂಡ. ಬೆಳೆ ಕೊಳ್ಳಲು ಚನ್ನರಾಯಪಟ್ಟಣದ ವ್ಯಾಪಾರಿಯೊಬ್ಬ ಮಾತು ಕೊಟ್ಟ. ನೋಟುಪುಸ್ತಕದಲ್ಲಿ ಎಲ್ಲ ಲೆಕ್ಕವೂ ಇತ್ತು. ಔಷಧಿಯ ಸಾಲಿನಲ್ಲಿ ಮಾತ್ರ ‘ಚುಕ್ಕಿ ಕಂಡರೆ ಒಂದು ಸಲ’ ಎಂದಷ್ಟೇ ಬರೆದಿದ್ದರು.

“ಮಾವ, ಮೊದಲೇ ಒಂದು ಸಲ ಹೊಡೆದುಬಿಡೋಣವಾ?” ಎಂದು ಅವರಲ್ಲಿ ಚಿಕ್ಕವನು ಕೇಳಿದ್ದ. “ಸುಮ್ನಿರೋ, ಹಾಕಿರೋದು ಜ್ಯೋತಿ. ಅದಕ್ಕೆಂಥ ಅಂಗಮಾರಿ” ಎಂದು ಹಿರಿಯರು ನಕ್ಕಿದ್ದರು.

ಆ ನಗು ಸುಳ್ಳಲ್ಲ, ಹಳೆಯದು. 1968ರಲ್ಲಿ ಕುಫ್ರಿ ಜ್ಯೋತಿ ತಳಿ ಬಿಡುಗಡೆಯಾದಾಗ ಅದು ಅಂಗಮಾರಿಯನ್ನು ತಡೆಯುತ್ತಿತ್ತು. ವರ್ಷಗಳು ಕಳೆದಂತೆ ರೋಗಾಣು ಬದಲಾಯಿತು, ತಳಿಯ ಕೋಟೆ ಒಡೆಯಿತು, ಹೆಸರು ಮಾತ್ರ ಉಳಿಯಿತು. ಅದರ ಮೇಲೆ 2009-10ರ ಹೊತ್ತಿಗೆ ದಕ್ಷಿಣ ಭಾರತದ ಟೊಮೆಟೊ, ಆಲೂಗಡ್ಡೆ ಹೊಲಗಳಲ್ಲಿ ಹೊಸ ರೋಗಾಣು ಕಾಣಿಸಿಕೊಂಡಿತು. ವಿಜ್ಞಾನಿಗಳು ಅದನ್ನು 13-ಎ2 ಎನ್ನುತ್ತಾರೆ. ಯುರೋಪಿನಲ್ಲಿ ಅದಕ್ಕೂ ಮೊದಲೇ ಹಬ್ಬಿದ್ದ ಈ ಬಗೆಗೆ, ನಮ್ಮ ರೈತರು ನೆಚ್ಚಿಕೊಂಡಿದ್ದ ಮೆಟಲಾಕ್ಸಿಲ್ ಔಷಧಿ ನಾಟುವುದಿಲ್ಲ. ಅಂದರೆ ತಳಿಯ ಭರವಸೆ, ಔಷಧಿಯ ಭರವಸೆ ಎರಡೂ ಹೋಗಿದ್ದವು. ನೋಟುಪುಸ್ತಕಕ್ಕೆ ಆ ಸುದ್ದಿ ಮುಟ್ಟಿರಲಿಲ್ಲ.

ಬಿತ್ತಿ ನಲವತ್ತು ದಿನವಾಗಿತ್ತು. ಒಂದು ವಾರ ಬಿಸಿಲೇ ಇಲ್ಲ, ಜಿನುಗು ಮಳೆ, ತಣ್ಣನೆ ರಾತ್ರಿ, ಹತ್ತು ಗಂಟೆಯಾದರೂ ಆರದ ಎಲೆ. ಹೊಲದ ಒಂದು ಮೂಲೆಯಲ್ಲಿ ಒಂದು ಗಿಡದ ಕಾಂಡ ಬುಡದಿಂದಲೇ ಕಪ್ಪಾಗಿತ್ತು. ಎಲೆಯ ಮೇಲೆ ನೀರು ಕುಡಿದಂಥ ಕಂದು ಮಚ್ಚೆ. ಬೆಳಿಗ್ಗೆ ಎಲೆ ಮಗುಚಿದರೆ ಮಚ್ಚೆಯ ಅಂಚಿಗೆ ಬಿಳಿ ಬೂಷ್ಟು. ನಾಲ್ಕನೇ ದಿನ ಆ ಗಿಡದ ಸುತ್ತ ತಟ್ಟೆಯಗಲ ಸುಟ್ಟಂತಾಯಿತು, ಹತ್ತನೇ ದಿನಕ್ಕೆ ಹೊಲವೇ ಕೊಳೆತ ವಾಸನೆ ಹೊಡೆಯಿತು. ಮೆಟಲಾಕ್ಸಿಲ್ ಒಂದಲ್ಲ, ಮೂರು ಸಲ ಹೊಡೆದರು. ಚನ್ನರಾಯಪಟ್ಟಣದ ವ್ಯಾಪಾರಿಗೆ ಫೋನ್ ಮಾಡುವ ಕೆಲಸ ಯಾರಿಗೂ ಬೇಡವಾಯಿತು.

ರೋಗ ಬಂದದ್ದು ಗಾಳಿಯಲ್ಲಲ್ಲವೇ, ಬೀಜವನ್ನೇಕೆ ದೂರುತ್ತೀರಿ ಎಂದು ಕೇಳಬಹುದು. ಪಕ್ಕದ ಹೊಲದಿಂದ ಗಾಳಿಯಲ್ಲಿ ಬಂದಿದ್ದರೆ ಚುಕ್ಕಿ ಮೇಲಿನ ಎಲೆಗಳ ಮೇಲೆ ಅಲ್ಲೊಂದು ಇಲ್ಲೊಂದು ಚೆದುರಿ ಕಾಣುತ್ತಿತ್ತು. ಒಂದೇ ಗಿಡದ ಬುಡದಿಂದ ಎದ್ದು ಸುತ್ತಲೂ ಉಂಗುರದಂತೆ ಹಬ್ಬಿದರೆ ಮೊದಲ ಅನುಮಾನ ಗಡ್ಡೆಯ ಮೇಲೇ. ರೋಗದ ಗಡ್ಡೆಯನ್ನು ಕೊಯ್ದ ಚಾಕುವಿನಿಂದಲೇ ಮುಂದಿನ ಗಡ್ಡೆಯನ್ನೂ ಕೊಯ್ದಿದ್ದರು. ಎಂಬತ್ತನಾಲ್ಕು ಚೀಲದಲ್ಲಿ ಯಾರೂ ಒಂದನ್ನೂ ಪರೀಕ್ಷೆಗೆಂದು ಸೀಳಿ ನೋಡಿರಲಿಲ್ಲ.

ಆರು ಜನವೂ ದುಡಿದಿದ್ದರು, ಯಾರ ಮನಸ್ಸಿನಲ್ಲೂ ಕೇಡಿರಲಿಲ್ಲ. ಪಾಪದ ವ್ಯಾಖ್ಯಾನವೂ ಬೆವರಿನ ವ್ಯಾಖ್ಯಾನವೂ ಅವರ ಹೊಲದ ಬದುವಿನಲ್ಲೇ ಸೋಲುತ್ತವೆ. ಅವರು ಎಣಿಸಿದ್ದು ಜ್ಯೋತಿ, ಬಿತ್ತಿದ್ದು ರೋಗ.

ಹಾಸನದ ಸೋಮನಹಳ್ಳಿ ಕಾವಲಿನ ತೋಟಗಾರಿಕೆ ಸಂಶೋಧನಾ ಕೇಂದ್ರದ ಕಡೆಯಿಂದ ಗಡ್ಡೆಯ ಬದಲು ಬೇರು ಬಂದ ಕುಡಿಸಸಿ ನೆಟ್ಟು ನಮ್ಮಲ್ಲೇ ಬೀಜ ಬೆಳೆಸುವ ದಾರಿಯೂ ತೆರೆದಿದೆ. ಅದು ಎಲ್ಲರನ್ನೂ ಮುಟ್ಟುವವರೆಗೆ ಲಾರಿಯ ಗಡ್ಡೆಯೇ ಗತಿ. ಹಾಗಾಗಿ ಈ ಸಲ ಚೀಲ ಮನೆಗೆ ಬಂದ ದಿನವೇ ಒಂದೊಂದರಿಂದ ಹತ್ತು ಗಡ್ಡೆ ಸೀಳಿ ನೋಡಿ. ಸಿಪ್ಪೆಯಡಿ ಕೆಂಗಂದು ಬಣ್ಣದ ಕಾಳುಕಾಳಾದ ಕೊಳೆ ಕಂಡರೆ ಆ ಚೀಲವನ್ನು ಬಿತ್ತಬೇಡಿ. ಮೋಡ ಕವಿದು ಜಿನುಗು ಹಿಡಿದರೆ ಚುಕ್ಕಿಗಾಗಿ ಕಾಯದೆ, ಲೀಟರಿಗೆ 2 ಗ್ರಾಂನಂತೆ ಮ್ಯಾಂಕೋಜೆಬ್ ಅನ್ನು ಎಲೆಯ ಅಡಿಗೂ ತಾಗುವಂತೆ ಹೊಡೆಯಿರಿ.